ಐವತ್ತು ಎಲೆಗೆ ಎಷ್ಟು ಮಟನ್?

ತಂಗಿಯ ಮಗಳ ಮದುವೆ ಮುಗಿದ ಮೂರನೆಯ ದಿನ ಮಂಡ್ಯದ ಕಡೆಯ ನಮ್ಮ ಊರಿನಲ್ಲಿ ಬೀಗರ ಊಟ ಇಟ್ಟುಕೊಂಡಿದ್ದೆವು. ತೀರಾ ಹತ್ತಿರದವರು ಮಾತ್ರ, ಐವತ್ತು ಎಲೆ. ಮನೆಯ ಮುಂದಿನ ಜಾಗ ಚಿಕ್ಕದಾದ್ದರಿಂದ ಮೂರು ಪಂಕ್ತಿ ಮಾಡಿದೆವು. ಮಟನ್ ಬಿರಿಯಾನಿ, ಮೊಸರು ಬಜ್ಜಿ, ಒಂದು ಶೇರ್ವಾ, ಅಷ್ಟೇ ಅಡುಗೆ. ಪ್ರತಿ ಸಲ ಇಷ್ಟು ಜನಕ್ಕೆ ಮೂಳೆಸಹಿತ ಮಟನ್ ಹತ್ತು ಕೆ.ಜಿ. ತರುವುದು ರೂಢಿ. ಆ ಸಲ ಮಾತ್ರ ನಮ್ಮ ಭಾವ, "ಹತ್ತು ಕೆ.ಜಿ.ಲಿ ಅರ್ಧ ಮೂಳೇನೇ ಇರುತ್ತೆ. ಅದಕ್ಕೆ ಯಾಕೆ ದುಡ್ಡು ಕೊಡೋದು? ಬೋನ್‌ಲೆಸ್ ಐದು ಕೆ.ಜಿ. ತಗೊಳ್ಳೋಣ, ತಿನ್ನೋರಿಗೂ ಸುಲಭ" ಎಂದರು. ಕೇಳಿದವರಿಗೆಲ್ಲ ಸರಿ ಎನಿಸಿತು. ನನಗೂ ಅನಿಸಿತು.

ಮೊದಲ ಎರಡು ಪಂಕ್ತಿ ಸುಸೂತ್ರವಾಗಿ ಎದ್ದವು. ಮೂರನೆಯ ಪಂಕ್ತಿಗೆ ಕೂತ ಹದಿನೈದು ಜನರಲ್ಲಿ ತಡವಾಗಿ ಬಂದ ಬೀಗರ ಕಡೆಯ ಹಿರಿಯರೂ ಇದ್ದರು. ಹಂಡೆಯ ತಳದವರೆಗೆ ಸೌಟು ಹಾಕಿದರೂ ಬಂದದ್ದು ಮಸಾಲೆ ಅನ್ನ, ಅಲ್ಲೊಂದು ಇಲ್ಲೊಂದು ಚೂರು. ಅವರು ಏನೂ ಅನ್ನದೆ ಉಂಡು ಎದ್ದರು. ಆ ಮೌನವನ್ನು ನಾನು ಇಂದಿಗೂ ಮರೆತಿಲ್ಲ.

ಅಂದು ಅಡುಗೆಗೆ ಬಂದಿದ್ದವರು ನಲವತ್ತು ವರ್ಷ ಒಲೆಯ ಮುಂದೆ ನಿಂತವರು. ಪಾತ್ರೆ ತೊಳೆಯುವ ಹೊತ್ತಿಗೆ ಹತ್ತಿರ ಹೋಗಿ ಕೇಳಿದೆ. "ಮೂಳೆ ಅರ್ಧ ಹೋಯ್ತದೆ ಅಂತ ಯಾರ್ ಹೇಳಿದ್ರಣ್ಣ ನಿಮ್ಗೆ? ಮೂಳೆದೊಂದು ಪಾಲು, ಒಲೆದೊಂದು ಪಾಲು, ಉಳಿದಿದ್ದು ಎಲೆಗೆ. ನೀವು ಒಲೆ ಪಾಲನ್ನ ಲೆಕ್ಕಕ್ಕೇ ತಗೊಳ್ನಿಲ್ಲ" ಎಂದರು. ಐವತ್ತು ಜನರ ಬಿರಿಯಾನಿಗೆ ಮಾಂಸ ಎಷ್ಟು ಎಂಬ ಪ್ರಶ್ನೆಗೆ ಉತ್ತರವೆಲ್ಲ ಆ ಮಾತಿನಲ್ಲೇ ಇತ್ತು. ಅಂಕಿ ಹಾಕಿ ನೋಡುವ ಕೆಲಸವಷ್ಟೇ ನನ್ನದಾಯಿತು.

ಒಂದು ಕೆ.ಜಿ. ಮೂಳೆಸಹಿತ ಆಡಿನ ಮಾಂಸ ತೆಗೆದುಕೊಳ್ಳಿ. ತೊಡೆ, ಮುಂಗಾಲು, ಪಕ್ಕೆ, ಕತ್ತು ಎಲ್ಲ ಸೇರಿದ ಮಾಂಸವಾದರೆ ಅದರಲ್ಲಿ ಮೂಳೆ ಸುಮಾರು 300 ಗ್ರಾಂ. ಬರೀ ತೊಡೆಯಾದರೆ ಇನ್ನೂ ಕಡಿಮೆ, ಕಾಲುಭಾಗದ ಆಸುಪಾಸು. ಪಕ್ಕೆ, ಕತ್ತು, ಕಾಲಿನ ಕೆಳಭಾಗ ಹೆಚ್ಚಾಗಿದ್ದರೆ ಮೂರನೆಯ ಒಂದು ಭಾಗವನ್ನೂ ದಾಟುತ್ತದೆ. ಮಿಶ್ರ ಮಾಂಸಕ್ಕೆ 300 ಎಂದು ಇಟ್ಟುಕೊಂಡರೆ ಮೋಸವಿಲ್ಲ. ಉಳಿದ 700 ಗ್ರಾಂ ಮಾಂಸ ಒಲೆಯ ಮೇಲೆ ಹಾಗೇ ನಿಲ್ಲುವುದಿಲ್ಲ. ಬಿಸಿ ತಾಗಿದಾಗ ಮಾಂಸದ ನಾರುಗಳು ಬಿಗಿದುಕೊಂಡು ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತವೆ, ಕೊಬ್ಬು ಕರಗಿ ಮಸಾಲೆಗೆ ಸೇರುತ್ತದೆ. ಬಿರಿಯಾನಿಗೆ ಬೇಕಾದಷ್ಟು ಮೆತ್ತಗಾಗುವ ಹೊತ್ತಿಗೆ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಇಳಿದಿರುತ್ತದೆ. ಅಂದರೆ 700 ಗ್ರಾಂ ಬೆಂದು 470 ಆಗುತ್ತದೆ. ಒಂದು ಕೆ.ಜಿ.ಯಲ್ಲಿ ಮೂಳೆಯದು 300, ಒಲೆಯದು 230, ಬಾಯಿಗೆ ಸಿಗುವುದು 470.

ನಮ್ಮ ಭಾವ ಹೇಳಿದ "ಅರ್ಧ" ಎಲ್ಲಿಂದ ಬಂತು ಎಂಬುದು ಇಲ್ಲಿ ಕಾಣುತ್ತದೆ. ಬೆಂದ ಮೇಲೆ ತಿನ್ನಲು ಸಿಗುವುದು ಅರ್ಧಕ್ಕಿಂತ ಸ್ವಲ್ಪ ಕಡಿಮೆ ಎಂಬುದು ನಿಜ. ಆದರೆ ಆ ನಷ್ಟವನ್ನೆಲ್ಲ ಅವರು ಮೂಳೆಯ ತಲೆಗೆ ಕಟ್ಟಿದರು. ಬೋನ್‌ಲೆಸ್ ತಂದರೆ ಮೂಳೆಯ ಪಾಲು ಮಾತ್ರ ಉಳಿಯುತ್ತದೆ, ಒಲೆಯ ಪಾಲು ಉಳಿಯುವುದಿಲ್ಲ. ಒಂದು ಕೆ.ಜಿ. ಬೋನ್‌ಲೆಸ್ ಬೆಂದರೆ 670 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಹತ್ತು ಕೆ.ಜಿ. ಮೂಳೆಸಹಿತ ಮಾಂಸಕ್ಕೆ ಸಮನಾದದ್ದು ಏಳು ಕೆ.ಜಿ. ಬೋನ್‌ಲೆಸ್, ಐದಲ್ಲ. ಹತ್ತಕ್ಕೆ ಏಳು: ಈ ಒಂದು ಲೆಕ್ಕ ನೆನಪಿದ್ದರೆ ಸಾಕು.

ಈಗ ಎಲೆಯ ಕಡೆಯಿಂದ ನೋಡೋಣ. ಬಿರಿಯಾನಿಯೇ ಮುಖ್ಯ ಊಟವಾದಾಗ ಒಬ್ಬ ದೊಡ್ಡವರಿಗೆ ಬೆಂದ ಮಾಂಸ 90ರಿಂದ 95 ಗ್ರಾಂ ಸಿಕ್ಕರೆ ಉಂಡ ತೃಪ್ತಿ ಇರುತ್ತದೆ. ಅಲ್ಲಿಂದ ಹಿಂದಕ್ಕೆ ಬಂದರೆ ಹಸಿ ತೂಕ ಮೂಳೆಸಹಿತವಾದರೆ 200 ಗ್ರಾಂ, ಬೋನ್‌ಲೆಸ್ ಆದರೆ 140 ಗ್ರಾಂ. ಅಕ್ಕಿ ತಲೆಗೆ 120 ಗ್ರಾಂ. ಐವತ್ತು ಜನ ದೊಡ್ಡವರಿಗೆ ಅಕ್ಕಿ ಆರು ಕೆ.ಜಿ., ಮಟನ್ ಹತ್ತು ಅಥವಾ ಏಳು. ಅಂದು ನಾವು ತಂದ ಐದು ಕೆ.ಜಿ.ಯನ್ನು 140ರಿಂದ ಭಾಗಿಸಿದರೆ ಮೂವತ್ತೈದು ಎಲೆಗೆ ಸರಿಹೋಗುತ್ತದೆ. ಮೂರನೆಯ ಪಂಕ್ತಿಯಲ್ಲಿ ಕೂತಿದ್ದವರು ಹದಿನೈದು ಜನ. ಲೆಕ್ಕ ಅಷ್ಟು ನಿಖರವಾಗಿ ನಮ್ಮನ್ನು ಹಿಡಿದುಹಾಕಿತ್ತು.

ಅಡುಗೆಯವರ ಬಾಯಲ್ಲಿ ಈ ಲೆಕ್ಕ ಬೇರೆ ರೂಪದಲ್ಲಿರುತ್ತದೆ. "ಒಂದಕ್ಕೆ ಒಂದು", "ಒಂದಕ್ಕೆ ಒಂದೂವರೆ" ಎನ್ನುತ್ತಾರೆ, ಅಂದರೆ ಒಂದು ಕೆ.ಜಿ. ಅಕ್ಕಿಗೆ ಇಷ್ಟು ಕೆ.ಜಿ. ಮಾಂಸ. ಅವರು ಮಾತಾಡುವುದು ಯಾವಾಗಲೂ ಮೂಳೆಸಹಿತ ಮಾಂಸದ ಬಗ್ಗೆ, ಅದನ್ನು ಬಿಡಿಸಿ ಹೇಳುವುದಿಲ್ಲ. ಒಂದಕ್ಕೆ ಒಂದು ಎಂದರೆ ಐವತ್ತು ಜನಕ್ಕೆ ಆರು ಕೆ.ಜಿ. ಮಟನ್, ತಲೆಗೆ ಎರಡು ಪೀಸು. ಬಿರಿಯಾನಿಯ ಜೊತೆಗೆ ಮುದ್ದೆ, ಮಟನ್ ಸಾರು, ಚಾಪ್ಸ್, ಕಬಾಬು ಎಲ್ಲ ಇರುವ ದೊಡ್ಡ ಬಾಡೂಟಕ್ಕೆ ಅಷ್ಟು ಸಾಕು, ಯಾಕೆಂದರೆ ಹೊಟ್ಟೆ ಆಗಲೇ ಅರ್ಧ ತುಂಬಿರುತ್ತದೆ. ಬಿರಿಯಾನಿ ಒಂದೇ ಇದ್ದರೆ ಒಂದಕ್ಕೆ ಒಂದೂವರೆಗಿಂತ ಕೆಳಗೆ ಇಳಿಯಬೇಡಿ. ನಾನು ಮೇಲೆ ಹೇಳಿದ ಆರಕ್ಕೆ ಹತ್ತು ಅದಕ್ಕಿಂತ ತುಸು ಧಾರಾಳ. ಬೀಗರ ಮುಂದೆ ತುಸು ಧಾರಾಳ ಇರಲಿ ಎಂಬುದು ನನ್ನ ಅಭಿಪ್ರಾಯ.

ಕೆ.ಜಿ. ಲೆಕ್ಕ ಸರಿಯಿದ್ದೂ ಊಟ ಕೆಡುವುದುಂಟು, ಏಕೆಂದರೆ ಬಡಿಸುವವರು ತೂಕ ಮಾಡಿ ಬಡಿಸುವುದಿಲ್ಲ, ಪೀಸು ಎಣಿಸಿ ಬಡಿಸುತ್ತಾರೆ. ಉಣ್ಣುವವರ ಕಣ್ಣೂ ಪೀಸಿನ ಮೇಲೇ ಇರುತ್ತದೆ. ಅಂಗಡಿಯಲ್ಲಿ "ಬಿರಿಯಾನಿಗೆ" ಎಂದಷ್ಟೇ ಹೇಳಿದರೆ ಒಬ್ಬರು ಸಾರಿನ ಪೀಸಿನಷ್ಟು ಚಿಕ್ಕದಾಗಿ ಹೊಡೆಯುತ್ತಾರೆ, ಇನ್ನೊಬ್ಬರು ಮುಷ್ಟಿಯಷ್ಟು ದಪ್ಪ ಬಿಡುತ್ತಾರೆ. ಮೂಳೆಸಹಿತವಾದರೆ 60 ಗ್ರಾಂ ಪೀಸು ಒಳ್ಳೆಯ ಅಳತೆ, ಕೆ.ಜಿ.ಗೆ ಹದಿನಾರರಿಂದ ಹದಿನೇಳು ಬರುತ್ತವೆ. ಹತ್ತು ಕೆ.ಜಿ.ಗೆ ಸುಮಾರು 165 ಪೀಸು. ತಲೆಗೆ ಮೂರರಂತೆ ಐವತ್ತು ಜನಕ್ಕೆ 150 ಹೋದರೆ ಹದಿನೈದು ಪೀಸು ಎರಡನೆಯ ಸಲ ಕೇಳುವವರಿಗೆ ಕೈಯಲ್ಲಿರುತ್ತವೆ.

ಬೋನ್‌ಲೆಸ್‌ಗೆ ಇಲ್ಲಿ ಒಂದು ಅನನುಕೂಲವಿದೆ. 60 ಗ್ರಾಂನ ಮೂಳೆ ಪೀಸಿನಲ್ಲಿ ಮೂಳೆ ಕುಗ್ಗುವುದಿಲ್ಲ, ಅದಕ್ಕೆ ಅಂಟಿದ ಮಾಂಸವನ್ನೂ ಅದು ಚಾಚಿ ಹಿಡಿದಿರುತ್ತದೆ. ಬೆಂದ ಮೇಲೂ ಪೀಸು 45 ಗ್ರಾಂನಷ್ಟು ಉಳಿದು ಎಲೆಯ ಮೇಲೆ ತುಂಬಿದಂತೆ ಕಾಣುತ್ತದೆ. ಅಷ್ಟೇ ಮಾಂಸವಿರುವ 40 ಗ್ರಾಂ ಬೋನ್‌ಲೆಸ್ ತುಂಡು ಎಲ್ಲ ಕಡೆಯಿಂದಲೂ ಕುಗ್ಗಿ 27 ಗ್ರಾಂ ಆಗುತ್ತದೆ, ನೆಲ್ಲಿಕಾಯಿಯ ಗಾತ್ರ. ತಿನ್ನುವ ಮಾಂಸ ಸಮನಾಗಿದ್ದರೂ ಕಣ್ಣಿಗೆ ಕಡಿಮೆ ಕಾಣುತ್ತದೆ. ಬಡಿಸುವವನ ಕೈ ತಾನಾಗಿ ಇನ್ನೆರಡು ಹಾಕುತ್ತದೆ, ಕೊನೆಯ ಪಂಕ್ತಿಗೆ ಕೊರತೆ ಬೀಳುತ್ತದೆ. ನಮ್ಮಲ್ಲಿ ಆದದ್ದೂ ಇದೇ. ಮೊದಲ ಪಂಕ್ತಿಯ ಎಲೆಗಳಲ್ಲಿ ಆರು ಆರು ತುಂಡು ಇದ್ದದ್ದನ್ನು ನಾನೇ ನೋಡಿದ್ದೆ. ಬೋನ್‌ಲೆಸ್ ತರುವುದಾದರೆ ತುಂಡು 50 ಗ್ರಾಂಗಿಂತ ಚಿಕ್ಕದಾಗಬಾರದು. ಏಳು ಕೆ.ಜಿ.ಗೆ 140 ತುಂಡು ಬರುತ್ತವೆ, ತಲೆಗೆ ಮೂರಕ್ಕೆ ಹತ್ತು ಸಾಲದಾಗುತ್ತವೆ. ಇನ್ನರ್ಧ ಕೆ.ಜಿ. ಸೇರಿಸಿ ಏಳೂವರೆ ಮಾಡಿಕೊಂಡರೆ ಸರಿಹೋಗುತ್ತದೆ.

ರುಚಿಯ ವಿಷಯದಲ್ಲಿ ಮೂಳೆಯ ಪಾತ್ರ ಎಷ್ಟು ಎಂಬುದು ಬಿರಿಯಾನಿ ಮಾಡುವ ಬಗೆಯ ಮೇಲೆ ನಿಂತಿದೆ. ನಮ್ಮ ಕಡೆಯ ದೊನ್ನೆ ಬಿರಿಯಾನಿಯ ವಿಧಾನ ನಿಮಗೆ ಗೊತ್ತಿರಬಹುದು. ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ ಅರೆದ ಹಸಿರು ಮಸಾಲೆಯಲ್ಲಿ ಮಾಂಸ ಬೇಯಿಸಿ, ಆ ನೀರಿಗೇ ಜೀರಿಗೆ ಸಾಂಬಾ ಅಕ್ಕಿ ಸುರಿದು ದಮ್ ಕಟ್ಟುತ್ತಾರೆ. ಮಾಂಸ ಬೆಂದ ನೀರನ್ನೇ ಅಕ್ಕಿ ಪೂರ್ತಿ ಕುಡಿಯುತ್ತದೆ. ಮೂಳೆ, ಅದರ ತುದಿಯ ಮೆಲ್ಲೆಲುಬು, ಸುತ್ತಲಿನ ಬಿಳಿ ಪೊರೆ ನಿಧಾನವಾಗಿ ಬೆಂದಾಗ ಒಂದು ಬಗೆಯ ಅಂಟು ನೀರಿಗೆ ಇಳಿಯುತ್ತದೆ. ಕಾಲು ಸೂಪು ಆರಿದರೆ ಗಟ್ಟಿಯಾಗುವುದು ಇದರಿಂದಲೇ. ನಲ್ಲಿ ಮೂಳೆಯ ಒಳಗಿನ ಮಜ್ಜೆಯೂ ಕರಗಿ ಸೇರುತ್ತದೆ. ಅನ್ನ ತಿಂದಾಗ ತುಟಿಗೆ ತುಸು ಅಂಟುವ ಆ ಗುಣ ಬೋನ್‌ಲೆಸ್‌ನಿಂದ ಬರುವುದು ಕಷ್ಟ. ಹೈದರಾಬಾದಿನ ಕಚ್ಚಿ ಬಿರಿಯಾನಿಯ ವಿಧಾನವೇ ಬೇರೆ. ಅಲ್ಲಿ ಮೊಸರು ಮಸಾಲೆ ಹಚ್ಚಿ ನೆನೆಸಿದ ಹಸಿ ಮಾಂಸ ಕೆಳಗೆ, ಅರೆಬೆಂದ ಬಾಸ್ಮತಿ ಮೇಲೆ. ಅಕ್ಕಿ ಬೇರೆ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೆಂದಿರುವುದರಿಂದ ಮಾಂಸದ ರಸ ಅದಕ್ಕೆ ಹಬೆಯಾಗಿ ಮಾತ್ರ ತಾಗುತ್ತದೆ.

ಆದ್ದರಿಂದ ದೊನ್ನೆ ಬಿರಿಯಾನಿಯನ್ನು ಪೂರ್ತಿ ಬೋನ್‌ಲೆಸ್‌ನಲ್ಲಿ ಮಾಡಲೇಬೇಕಾದರೆ ಅದೇ ಅಂಗಡಿಯಲ್ಲಿ ಒಂದೂವರೆ ಕೆ.ಜಿ. ಮೂಳೆ ಬೇರೆಯಾಗಿ ಕೇಳಿ ತನ್ನಿ. ಶುಂಠಿ, ಈರುಳ್ಳಿ, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ ಬೇಯಿಸಿ ಸೋಸಿಕೊಂಡು, ಅಕ್ಕಿಗೆ ನೀರಿನ ಬದಲು ಅದನ್ನೇ ಅಳೆದು ಹಾಕಿ. ಬರೀ ನೀರು ಹಾಕಿದರೆ ಮಸಾಲೆಯ ಘಾಟು ಮಾತ್ರ ಮುಂದೆ ಬಂದು ಅನ್ನ ಚಪ್ಪೆಯಾಗುತ್ತದೆ. ಆಗ ಅಡುಗೆಯವರು ಖಾರ, ಉಪ್ಪು ಏರಿಸುತ್ತಾರೆ, ಕೊರತೆ ಮಾತ್ರ ತುಂಬುವುದಿಲ್ಲ.

ಹದ ನೋಡುವುದರಲ್ಲೂ ಎರಡಕ್ಕೂ ವ್ಯತ್ಯಾಸವಿದೆ. ಮೂಳೆ ಪೀಸು ತಾನೇ ಹೇಳುತ್ತದೆ: ಮಾಂಸ ಹಿಂದಕ್ಕೆ ಸರಿದು ಮೂಳೆಯ ತುದಿ ಅರ್ಧ ಬೆರಳಿನಷ್ಟು ಹೊರಗೆ ಕಂಡರೆ ಅಕ್ಕಿ ಹಾಕುವ ಹೊತ್ತು. ಅಷ್ಟರಲ್ಲಿ ಮಾಂಸ ಮುಕ್ಕಾಲಿಗಿಂತ ಹೆಚ್ಚು ಬೆಂದಿರುತ್ತದೆ, ಉಳಿದದ್ದು ಅಕ್ಕಿಯ ಜೊತೆ ದಮ್‌ನಲ್ಲಿ ಆಗುತ್ತದೆ. ಬೋನ್‌ಲೆಸ್ ತುಂಡಿನಲ್ಲಿ ಅಂಥ ಗುರುತಿಲ್ಲ. ಒಂದು ತುಂಡನ್ನು ಸೌಟಿನಲ್ಲಿ ತೆಗೆದು ಬೆರಳಲ್ಲಿ ಒತ್ತಿ ನೋಡಬೇಕು. ಒತ್ತಿದಾಗ ಸೀಳಬೇಕು, ಎಳೆ ಎಳೆಯಾಗಿ ಬಿಡಿಸಿಕೊಳ್ಳಬಾರದು. ಎಳೆ ಬಿಟ್ಟರೆ ದಮ್ ಮುಗಿಯುವಷ್ಟರಲ್ಲಿ ಅದು ಅನ್ನದಲ್ಲಿ ಬೆರೆತುಹೋಗಿ ಪೀಸು ಎಲ್ಲಿ ಎಂದು ಹುಡುಕುವಂತಾಗುತ್ತದೆ. ಬೋನ್‌ಲೆಸ್‌ಗೆ ತೊಡೆಗಿಂತ ಮುಂಗಾಲಿನ ಮಾಂಸ ಒಳ್ಳೆಯದು. ತೊಡೆಯದು ನೋಡಲು ಚೆಂದ, ಆದರೆ ಕೊಬ್ಬು ಮತ್ತು ಪೊರೆ ಕಡಿಮೆಯಿರುವುದರಿಂದ ಹೆಚ್ಚು ಹೊತ್ತು ಬೆಂದರೆ ಒಣಗುತ್ತದೆ. ಮುಂಗಾಲಿನದು ತಡವಾಗಿ ಬೇಯುತ್ತದೆ, ಆದರೆ ರಸ ಬಿಟ್ಟುಕೊಡುವುದಿಲ್ಲ.

ದುಡ್ಡಿನ ಲೆಕ್ಕಕ್ಕೂ ಅದೇ ಹತ್ತಕ್ಕೆ ಏಳು ಉಪಯೋಗವಾಗುತ್ತದೆ. ಮೂಳೆಸಹಿತ ಮಟನ್ ದರವನ್ನು ಏಳರಿಂದ ಭಾಗಿಸಿ ಹತ್ತರಿಂದ ಗುಣಿಸಿ. ಉದಾಹರಣೆಗೆ ಕೆ.ಜಿ.ಗೆ 800 ರೂಪಾಯಿ ಎಂದು ಇಟ್ಟುಕೊಂಡರೆ 1,140ರ ಆಸುಪಾಸು ಬರುತ್ತದೆ. ಅದೇ ಅಂಗಡಿಯಲ್ಲಿ ಬೋನ್‌ಲೆಸ್ ಅದಕ್ಕಿಂತ ಕಡಿಮೆಗೆ ಸಿಕ್ಕರೆ ಮಾಂಸದ ಮಟ್ಟಿಗೆ ಅದು ಅಗ್ಗ, ಹೆಚ್ಚಾದರೆ ದುಬಾರಿ. ಬೋನ್‌ಲೆಸ್‌ಗೆ ಬೇರೆಯಾಗಿ ಕೊಳ್ಳುವ ಮೂಳೆಯ ಬೆಲೆಯನ್ನೂ ಸೇರಿಸಿ ನೋಡಿ. ಊರಲ್ಲಿ ಆಡನ್ನೇ ತಂದು ಕೊಯ್ಯುವುದಾದರೆ 20 ಕೆ.ಜಿ. ತೂಗುವ ಜೀವಕ್ಕೆ ಚರ್ಮ, ತಲೆ, ಕಾಲು, ಒಳಗಿನದೆಲ್ಲ ಕಳೆದು ಒಂಬತ್ತರಿಂದ ಹತ್ತು ಕೆ.ಜಿ. ಮಾಂಸ ಸಿಗುತ್ತದೆ. ಐವತ್ತು ಎಲೆಗೆ ಹೆಚ್ಚುಕಡಿಮೆ ಒಂದು ಆಡು. ಗುಡ್ಡೆ ಬಾಡು ತರುವವರು ಮಾತ್ರ ಎಚ್ಚರ ವಹಿಸಬೇಕು. ಪ್ರತಿ ಗುಡ್ಡೆಯಲ್ಲೂ ಈಲಿ, ಬೋಟಿ, ತಲೆ ಮಾಂಸದ ಪಾಲು ಇರುತ್ತದೆ. ಅದನ್ನು ಬೇರೆ ತೆಗೆದು ಸಾರಿಗೆ ಇಟ್ಟು, ಉಳಿದದ್ದನ್ನು ತೂಗಿ ಬಿರಿಯಾನಿಗೆ ಎಣಿಸಬೇಕು.

ಕೋಳಿಯಾದರೆ ತೂಕ ಹೆಚ್ಚೇನೂ ಬದಲಾಗುವುದಿಲ್ಲ. ಚರ್ಮ ತೆಗೆದ ಮೂಳೆಸಹಿತ ಮಾಂಸ ತಲೆಗೆ 200 ಗ್ರಾಂ, ಬೋನ್‌ಲೆಸ್ 140. ಕೋಳಿಯಲ್ಲಿ ಬರುವ ತೊಂದರೆ ಲೆಗ್ ಪೀಸಿನದು, ಎಲ್ಲರಿಗೂ ಅದೇ ಬೇಕು. ಲೆಗ್ಗನ್ನು ಮೇಲ್ತೊಡೆ, ಕೆಳಗಾಲು ಎಂದು ಎರಡು ಮಾಡಿಸಿದರೆ ಒಂದು ಕೋಳಿಗೆ ನಾಲ್ಕು ಪೀಸು. ಚರ್ಮ ತೆಗೆದ ಮೇಲೆ 800 ಗ್ರಾಂ ತೂಗುವ ಹದಿಮೂರು ಕೋಳಿ ತಂದರೆ 52 ಲೆಗ್ ಪೀಸು ಸಿಗುತ್ತವೆ, ಒಟ್ಟು ತೂಕವೂ ಹತ್ತೂವರೆ ಕೆ.ಜಿ.ಯ ಹತ್ತಿರ ಬರುತ್ತದೆ. ಪ್ರತಿ ಎಲೆಗೂ ಒಂದು ಲೆಗ್, ಜೊತೆಗೆ ಬೇರೆ ಪೀಸು. ದೊಡ್ಡ ಕೋಳಿ ಏಳೆಂಟು ತಂದರೆ ತೂಕ ಸರಿಯಾಗುತ್ತದೆ, ಲೆಗ್ ಅರ್ಧ ಜನಕ್ಕೆ ಮಾತ್ರ ಸಿಗುತ್ತದೆ. ಕೋಳಿಯ ಎದೆಯ ಬೋನ್‌ಲೆಸ್ ದಮ್‌ಗೆ ಹೊಂದುವುದಿಲ್ಲ, ಹಿಂಜಿದ ಹತ್ತಿಯ ಹಾಗೆ ಒಣಗುತ್ತದೆ. ಬೋನ್‌ಲೆಸ್ ಬೇಕೇ ಬೇಕೆಂದರೆ ತೊಡೆಯದನ್ನೇ ಕೇಳಿ.

ಮೊನ್ನೆ ಅದೇ ಮನೆಯಲ್ಲಿ ಮೊಮ್ಮಗುವಿನ ನಾಮಕರಣವಾಯಿತು. ಮತ್ತೆ ಐವತ್ತು ಜನ. ಈ ಸಲ ಮೊದಲು ತಲೆ ಎಣಿಸಿದೆವು. ದೊಡ್ಡವರು ಮೂವತ್ತೆಂಟು, ಹತ್ತು ವರ್ಷದೊಳಗಿನ ಮಕ್ಕಳು ಹನ್ನೆರಡು. ಮಗುವಿಗೆ ಅರ್ಧ ಎಲೆಯಂತೆ ಹಿಡಿದರೆ ಒಟ್ಟು ನಲವತ್ನಾಲ್ಕು ಎಲೆ. ದೊಡ್ಡವರಲ್ಲಿ ಎಂಟು ಜನ ಹಲ್ಲು ಗಟ್ಟಿಯಿಲ್ಲದ ಹಿರಿಯರು. ಅವರಿಗೂ ಮಕ್ಕಳಿಗೂ ಮೂಳೆ ತೊಂದರೆಯೇ. ಮಕ್ಕಳ ಬಾಯಿಗೆ ಮೂಳೆಯ ಚೂರು ಸಿಕ್ಕೀತೆಂಬ ಆತಂಕವೂ ತಾಯಂದಿರಿಗಿತ್ತು. ಹಾಗಾಗಿ ಎಂಟು ಮತ್ತು ಆರು, ಒಟ್ಟು ಹದಿನಾಲ್ಕು ಎಲೆ ಬೋನ್‌ಲೆಸ್, ಉಳಿದ ಮೂವತ್ತು ಎಲೆ ಮೂಳೆಸಹಿತ ಎಂದು ಗೊತ್ತುಮಾಡಿದೆವು. ಮೂವತ್ತಕ್ಕೆ ಆರು ಕೆ.ಜಿ., ಹದಿನಾಲ್ಕಕ್ಕೆ ಎರಡು ಕೆ.ಜಿ. ಅಕ್ಕಿ ಐದೂವರೆ ಕೆ.ಜಿ. ಸಾಕಾಯಿತು.

ಒಂದೇ ಹಂಡೆಯಲ್ಲಿ ಎರಡನ್ನೂ ಹಾಕಲಿಲ್ಲ. ಹಾಕಿದ್ದರೆ ಬೋನ್‌ಲೆಸ್ ಮೊದಲೇ ಬೆಂದು ಒಡೆಯುತ್ತಿತ್ತು, ಬಡಿಸುವಾಗ ಆರಿಸುವುದೂ ಆಗುತ್ತಿರಲಿಲ್ಲ. ದೊಡ್ಡ ಹಂಡೆಯಲ್ಲಿ ಮೂಳೆಸಹಿತ ಮಟನ್ ಮೊದಲು ಏರಿತು. ಅದಕ್ಕೆ ನೀರು ತುಸು ಹೆಚ್ಚೇ ಇಟ್ಟಿದ್ದರು. ಮುಕ್ಕಾಲು ಗಂಟೆಯ ಮೇಲೆ ಪಕ್ಕದ ಒಲೆಯಲ್ಲಿ ಸಣ್ಣ ಪಾತ್ರೆಯೇರಿಸಿ ಬೋನ್‌ಲೆಸ್ ಹುರಿದು, ದೊಡ್ಡ ಹಂಡೆಯಿಂದಲೇ ಮೂಳೆ ಬೆಂದ ರಸವನ್ನು ಮೊಗೆದು ಅದಕ್ಕೆ ಹಾಕಿದರು. ಬೇರೆ ಮೂಳೆ ಕೊಳ್ಳುವ ಪ್ರಮೇಯವೇ ಬರಲಿಲ್ಲ, ಎರಡೂ ಪಾತ್ರೆಯ ಅನ್ನ ಒಂದೇ ರುಚಿ ಬಂತು. ದಮ್ ಬಿಚ್ಚಿದ ಮೇಲೆ ದೊಡ್ಡ ಹಂಡೆಯ ಪೀಸುಗಳನ್ನು ತಳದಿಂದ ಎತ್ತಿ ಮೂರು ಪಂಕ್ತಿಗೂ ಮೊದಲೇ ಪಾಲು ಮಾಡಿ ಬೇರೆ ಬೇರೆ ಪಾತ್ರೆಯಲ್ಲಿ ಮುಚ್ಚಿಟ್ಟರು. ಆರು ಕೆ.ಜಿ.ಗೆ ನೂರು ಪೀಸು ಬಂದಿತ್ತು. ತೊಂಬತ್ತು ಎಲೆಗೆ, ಹತ್ತು ಕೈಯಲ್ಲಿ.

ಕೊನೆಯ ಪಂಕ್ತಿಗೆ ಮನೆಯವರು ಕೂತಾಗ ಎಲ್ಲರ ಎಲೆಗೂ ಮೂರು ಮೂರು ಪೀಸು ಬಿತ್ತು, ಹಂಡೆಯಲ್ಲಿ ಇನ್ನೂ ನಾಲ್ಕು ಪೀಸು ಉಳಿದಿದ್ದವು.